ಏಳುನೂರು ರೂಪಾಯಿಯ ಅವಸರ

ತಿಪ್ಪೇಸ್ವಾಮಿ ಮಾಡಿಕೊಟ್ಟ ಹಲ್ಲಿನಲ್ಲಿ ಇವತ್ತಿಗೂ ಮುದ್ದೆ ನುಂಗುವವರು, ಕೋಳಿಕಾಲು ಕಚ್ಚುವವರು, ಸೊಸೆಯನ್ನು ಬೈಯುವವರು ಹಿಂದೂಪುರದ ಸುತ್ತಮುತ್ತ ಎರಡು ಮೂರು ಸಾವಿರ ಜನ ಇದ್ದಾರು. ಅವರಲ್ಲಿ ಒಬ್ಬರನ್ನಾದರೂ ಆತ ಎದುರಿಗೆ ಕಂಡವನಲ್ಲ. ಆತನ ಕಸುಬೇ ಹಾಗೆ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಈತ ತನ್ನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡಿ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಾನೆ. ಅಲ್ಲಿಗೆ ಮುಗಿಯಿತು. ಯಾರ ಬಾಯಿ, ಯಾವ ಊರು, ಆ ಹಲ್ಲು ಹಾಕಿಕೊಂಡು ನಕ್ಕರೋ ಅತ್ತರೋ, ಒಂದೂ ಆತನಿಗೆ ತಿಳಿಯುವುದಿಲ್ಲ.

ಲ್ಯಾಬು ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಹಿಂದೂಪುರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಒಂದೂವರೆ ಕೋಣೆ. ಕಿಟಕಿ, ಮೇಜು, ಫ್ಯಾನಿನ ರೆಕ್ಕೆ ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಹೆಂಡತಿ ಪ್ರಮೀಳಾ ಅಳತೆಗಳಿಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾಳೆ, ತಿಪ್ಪೇಸ್ವಾಮಿ ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸುತ್ತಾನೆ. ಚಿಲಮತ್ತೂರಿನ ಕಡೆಯ ಹುಡುಗ ಬೆಂಗಳೂರಿನ ಲ್ಯಾಬೊಂದರಲ್ಲಿ ಎಂಟು ವರ್ಷ ಕೈ ಪಳಗಿಸಿಕೊಂಡು ಬಂದು ಇಲ್ಲಿ ಕೂತವನು, ಈಗ ಐವತ್ತೆರಡಾಗಿದೆ. ಕೈಕೆಲಸ ಅಚ್ಚುಕಟ್ಟು, ಬಾಯಿ ಮಾತ್ರ ಗರಗಸ.

ಗೋಡೆಗೆ ಒಂದು ರಟ್ಟು ನೇತುಹಾಕಿದ್ದ. ಅದರ ಮೇಲೆ ಕೆಂಪು ಅಕ್ಷರದಲ್ಲಿ 'ಹನ್ನೆರಡು ದಿನ. ಅರ್ಜೆಂಟಿಗೆ ಬೇರೆ ಚಾರ್ಜು' ಅಂತ ಬರೆದಿತ್ತು. ಇಷ್ಟು ಬರೆದ ಮೇಲೂ ತಿಂಗಳಿಗೆ ನಾಲ್ಕು ಜನ ಡಾಕ್ಟರು ಫೋನ್ ಮಾಡಿ ಅರ್ಜೆಂಟು ಅನ್ನುತ್ತಿದ್ದರು. ಅರ್ಜೆಂಟು ಅಂದವರೆಲ್ಲರ ಹತ್ತಿರವೂ ಒಂದು ಕಥೆ ಇರುತ್ತಿತ್ತು. ಮಗಳ ನಿಶ್ಚಿತಾರ್ಥ, ಮಗ ದುಬೈಗೆ ಹೋಗ್ತಾನೆ, ಅಜ್ಜನಿಗೆ ಕಾಶಿ ಟಿಕೆಟ್ ಆಗಿದೆ. ಕಥೆ ಕೇಳಿ ಚಾರ್ಜು ಬಿಟ್ಟು ಬಿಟ್ಟು ಸಾಕಾಗಿ, ಕೊನೆಗೆ ಆತ ಕಥೆ ಕೇಳುವುದನ್ನೇ ಬಿಟ್ಟ. ದಿನ ಹೇಳಿ, ದುಡ್ಡು ಹೇಳ್ತೀನಿ, ಮಿಕ್ಕಿದ್ದು ಬೇಡ. ಈ ವರಸೆ ತನ್ನನ್ನು ಜಾಣನನ್ನಾಗಿ ಮಾಡಿದೆ ಎಂದು ಆತ ನಂಬಿದ್ದ.

ಆ ಸೋಮವಾರ ಮಧ್ಯಾಹ್ನ ಕಲ್ಯಾಣದುರ್ಗದಿಂದ ಡಾಕ್ಟರ್ ರೇವತಿಯ ಫೋನು ಬಂತು. ಆಕೆ ಹೊಸದಾಗಿ ಕ್ಲಿನಿಕ್ ತೆರೆದವಳು, ಆರು ತಿಂಗಳಿಂದ ಈತನಿಗೇ ಕೆಲಸ ಕೊಡುತ್ತಿದ್ದಳು.

"ತಿಪ್ಪೇಸ್ವಾಮಿಯೋರೇ, ಒಂದು ಫುಲ್ ಸೆಟ್ಟು ಇದೆ. ಬಾಯಿ ಅಳತೆ ಎಲ್ಲಾ ಇವತ್ತಿಗೆ ಮುಗೀತು, ಈಗಿನ ಬಸ್ಸಿಗೇ ಹಾಕಿಸ್ತೀನಿ. ಇದು ಅರ್ಜೆಂಟು. ಪಾಪ, ಅವರ ಮನೆಯವರಿಗೆ—"

"ಕಥೆ ಬ್ಯಾಡ ಮೇಡಂ. ಯಾವತ್ತಿಗೆ ಬೇಕು ಹೇಳಿ."

"ಗುರುವಾರ."

"ಯಾವ ಗುರುವಾರ?"

"ಈ ಗುರುವಾರನೇ."

ತಿಪ್ಪೇಸ್ವಾಮಿ ಫೋನನ್ನು ಕಿವಿಯಿಂದ ತೆಗೆದು ಒಂದು ಸಲ ನೋಡಿ ಮತ್ತೆ ಕಿವಿಗಿಟ್ಟುಕೊಂಡ.

ಆ ಅರ್ಧಕ್ಕೆ ಕತ್ತರಿಸಿದ ಮಾತಿನಲ್ಲಿ ಏನಿತ್ತು ಅಂತ ನಾನೇ ಹೇಳಿಬಿಡುತ್ತೇನೆ, ಆತನಿಗೆ ತಿಳಿದದ್ದು ತಡವಾಗಿ. ಬ್ರಹ್ಮಸಮುದ್ರದ ಹತ್ತಿರದ ಒಂದು ಹಳ್ಳಿಯ ಆದಿಲಕ್ಷ್ಮಮ್ಮನಿಗೆ ಅರವತ್ತೆಂಟು ವರ್ಷ. ಒಸಡು ಕೆಟ್ಟು, ಎರಡು ತಿಂಗಳ ಹಿಂದೆ ಬೇರೆ ಕಡೆ ಹಲ್ಲೆಲ್ಲ ಕೀಳಿಸಿಕೊಂಡಿದ್ದಳು. ಕೆನ್ನೆ ಒಳಕ್ಕೆ ಹೋಯಿತು, ತುಟಿ ಮಡಚಿಕೊಂಡಿತು. ಅಷ್ಟರಲ್ಲೇ ಗಂಡ ಈರಲಿಂಗಪ್ಪನಿಗೆ ಲಕ್ವ ಹೊಡೆದು ನೆನಪು ಹೋಯಿತು. ಪೂರ್ತಿ ಹೋಗಿದ್ದರೂ ಒಂದು ನೆಮ್ಮದಿ ಇರುತ್ತಿತ್ತೇನೋ. ಹಳೆಯದೆಲ್ಲ ಉಳಿದು ಹೊಸದು ಮಾತ್ರ ಹೋಗಿತ್ತು. ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡೇ ಹೆಂಡತಿ ಎಲ್ಲಿ ಅಂತ ಕೇಳುತ್ತಿದ್ದ. ನಾನೇ ಅಂದರೆ, ನೀನು ಯಾವುದೋ ಮುದುಕಿ ಅನ್ನುತ್ತಿದ್ದ. ಅನಂತಪುರದ ಆಸ್ಪತ್ರೆಯವರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ, ಕುಡಿದಷ್ಟು ಕುಡಿಸಿ ಅಂತ ಹೇಳಿ ಕಳಿಸಿದ್ದರು. ಆತ ಆ ಮುದುಕಿಯ ಕೈಯಿಂದ ಗಂಜಿ ಕುಡಿಯಲು ಒಪ್ಪುತ್ತಿರಲಿಲ್ಲ. ಮಗನೋ ಪಕ್ಕದ ಮನೆಯವರೋ ಬಂದು ನಾಲ್ಕು ಚಮಚ ಹಾಕಬೇಕು. ಆಕೆಗೆ ಬೇಕಾಗಿದ್ದದ್ದು ಇಷ್ಟೇ. ಹೋಗುವ ಮುಂಚೆ ಒಂದು ಸಲ ಆತ ತನ್ನನ್ನು ಗುರುತು ಹಿಡಿಯಬೇಕು, ತನ್ನ ಕೈಯಿಂದ ಎರಡು ಗುಟುಕು ಕುಡಿಯಬೇಕು.

ಫೋನಿನಲ್ಲಿ ಮಾತು ಚಾರ್ಜಿಗೆ ಬಂದಿತ್ತು.

"ಗುರುವಾರಕ್ಕೆ ಅಂದ್ರೆ ಒಂದೂವರೆ ಸಾವಿರ ಬೇರೆ ಆಯ್ತದೆ ಮೇಡಂ," ಅಂದ ತಿಪ್ಪೇಸ್ವಾಮಿ.

"ಒಂದೂವರೆನಾ? ಸೆಟ್ಟಿಗೇ ನೀವು ತಗೊಳ್ಳೋದು ಎರಡೂವರೆ!"

"ಲೆಕ್ಕ ಕೇಳಿ. ಚಿಲಮತ್ತೂರಿಂದ ಬಂದಿರೋ ಎರಡು ಕೆಲ್ಸ ಪಕ್ಕಕ್ಕೆ ತಳ್ಳಬೇಕು, ಅವರ ಬೈಗುಳ ನಾನು ತಿನ್ನಬೇಕು. ನಾಳೆ ಹಲ್ಲು ಜೋಡಿಸ್ತೀನಿ. ಬುಧವಾರ ಟ್ರಯಲ್. ಪಾರ್ಸೆಲ್‌ನಾಗೆ ಹೋಗಿ ಬರೋಕೆ ಎರಡು ದಿನ ಬೇಕು, ಟೈಮಿಲ್ಲ. ನಾನೇ ಬಸ್ಸಲ್ಲಿ ನಿಮ್ಮೂರಿಗೆ ತಂದು, ಟ್ರಯಲ್ ಮುಗಿಸ್ಕೊಂಡು ವಾಪಸ್ ಬರಬೇಕು. ನನ್ನ ಒಂದು ದಿನ ಹೋಯ್ತು. ಆಮೇಲೆ ಕುದಿಸಿ, ಉಜ್ಜಿ, ಪಾಲಿಷ್ ಮಾಡಿ ಗುರುವಾರಕ್ಕೆ ತಿರುಗಾ ತರಬೇಕು."

"ಆಕೆ ಪೂರ್ತಿ ದುಡ್ಡು ಮುಂಚೇನೇ ಕಟ್ಟಿಬಿಟ್ಟಿದಾರೆ. ಈಗ ಮತ್ತೆ ಒಂದೂವರೆ ಸಾವಿರ ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ?"

ಆಗ ತಿಪ್ಪೇಸ್ವಾಮಿಯೇ ಆ ಮಾತು ಎತ್ತಿದ. ಎತ್ತಿದ್ದು ತಾನೇ ಅನ್ನುವುದನ್ನು ಆಮೇಲೆ ಆತ ಯಾರ ಮುಂದೆಯೂ ಮುಚ್ಚಿಡಲಿಲ್ಲ.

"ಟ್ರಯಲ್ ಬಿಟ್ಬುಟ್ರೆ ಏಳ್ನೂರಕ್ಕೆ ಮುಗೀತದೆ ಮೇಡಂ."

ಟ್ರಯಲ್ ಎಂದರೆ, ಹಲ್ಲನ್ನು ಮೇಣದಲ್ಲಿ ಜೋಡಿಸಿ, ಗಟ್ಟಿ ಮಾಡುವ ಮುಂಚೆ ಒಂದು ಸಲ ರೋಗಿಯ ಬಾಯಿಗೆ ಇಟ್ಟು ನೋಡುವುದು. ರೋಗಿ ಕನ್ನಡಿ ಹಿಡಿದು ನೋಡುತ್ತಾರೆ, ಮನೆಯವರು ನೋಡುತ್ತಾರೆ, ಈ ಹಲ್ಲು ಉದ್ದ ಆಯಿತು, ಆ ಹಲ್ಲು ಒಳಗೆ ಹೋಯಿತು ಅನ್ನುತ್ತಾರೆ. ಮೇಣವಾದ್ದರಿಂದ ಹೇಗೆ ಬೇಕಾದರೂ ಸರಿಸಬಹುದು. ಒಂದು ಸಲ ಕುದಿಸಿ ಗಟ್ಟಿ ಮಾಡಿದರೆ ಮುಗಿಯಿತು.

"ಅಳತೆ ಚೆನ್ನಾಗಿ ಬಂದಿದೆ," ಅಂದಳು ರೇವತಿ, ಯೋಚಿಸುತ್ತ. "ಆಕೆ ತಕರಾರು ಮಾಡೋ ಪೈಕಿ ಅಲ್ಲ. ಸರೇ, ಬಿಟ್ಬಿಡಿ. ಏಳುನೂರಲ್ಲಿ ಅರ್ಧ ನಾನು ಹಾಕ್ತೀನಿ, ಅರ್ಧ ನೀವು ಬಿಡಿ."

"ಅರ್ಧ ನಾನ್ಯಾಕೆ ಬಿಡ್ಲಿ ಮೇಡಂ? ಅವಸರ ನನ್ದಲ್ಲ."

ಹೀಗೆ ಇಬ್ಬರೂ ಮುನ್ನೂರೈವತ್ತು ರೂಪಾಯಿಗೆ ಜಗ್ಗಾಡುತ್ತಿದ್ದಾಗ ಫೋನು ಕೈ ಬದಲಾಯಿತು. ಹಲ್ಲಿಲ್ಲದ ಬಾಯಿಯ ಮಾತು, ಗಾಳಿ ಬೆರೆತದ್ದು, ಆದರೂ ಗಟ್ಟಿ.

"ಅಪ್ಪಾ, ನಾನು ಆದಿಲಕ್ಷ್ಮಮ್ಮ. ಇಲ್ಲೇ ಕುಂತು ಕೇಳಿಸ್ಕೊಂತಿದೀನಿ. ಏಳ್ನೂರು ಅಂದ್ರಲ್ಲ, ಬಾಯಿ ನಂದು, ನಾನೇ ಕೊಡ್ತೀನಿ. ಮೇಡಂನೂ ಕೊಡೋದು ಬ್ಯಾಡ, ನೀನೂ ಬಿಡೋದು ಬ್ಯಾಡ. ಗುರುವಾರ ಹಲ್ಲು ಬಾಯಾಗೆ ಕುಂತ ಮ್ಯಾಲೆ ದುಡ್ಡು ನಿನ್ನ ಕೈಯಾಗಿಡ್ತೀನಿ. ಮಾತು ತಪ್ಪಬ್ಯಾಡ ಕಣಪ್ಪ."

"ಆಯ್ತಮ್ಮ, ಗುರುವಾರ," ಅಂದ ತಿಪ್ಪೇಸ್ವಾಮಿ. ಇಪ್ಪತ್ತು ವರ್ಷಕ್ಕೂ ಮೇಲಾದ ಕಸುಬಿನಲ್ಲಿ ರೋಗಿಯ ದನಿ ಕೇಳಿದ್ದು ಅದೇ ಮೊದಲು. ಯಾಕೋ ಒಂದು ಥರ ಆಯಿತು. ಆದರೂ ಒಪ್ಪಂದ ಮುಗಿದ ಸಮಾಧಾನವೇ ದೊಡ್ಡದಾಗಿತ್ತು.

ಮಂಗಳವಾರ ಆತ ಹಲ್ಲು ಜೋಡಿಸಲು ಕೂತ. ಪ್ರಮೀಳಾ ಪಕ್ಕಕ್ಕೆ ಬಂದು ನಿಂತು, "ಫೋಟೊ ಬರ್ನಿಲ್ವಾ?" ಅಂದಳು.

ಅದು ಅವರ ಲ್ಯಾಬಿನ ಪದ್ಧತಿ. ಟ್ರಯಲಿಗೆ ಕಳಿಸುವಾಗ ರೋಗಿಯ ಹಳೆಯ ಫೋಟೊ ಒಂದನ್ನು ತರಿಸಿಕೊಳ್ಳುತ್ತಿದ್ದರು, ನಗುತ್ತಿರುವುದಾದರೆ ಇನ್ನೂ ಒಳ್ಳೆಯದು. ಅದನ್ನು ನೋಡಿ ಆಚೀಚೆ ತಿದ್ದುತ್ತಿದ್ದರು.

"ಟ್ರಯಲ್ಲೇ ಇಲ್ಲ. ಫೋಟೊ ಎಲ್ಲಿಂದ ಬತ್ತದೆ?"

"ಒಂದು ಫೋನ್ ಮಾಡಿದ್ರೆ ವಾಟ್ಸಾಪಲ್ಲಿ ಹಾಕ್ತಿದ್ರು."

"ಏಳ್ನೂರಕ್ಕೆ ಇಷ್ಟೇ ಸಾಕು ಬಿಡೆ," ಅಂದ ಆತ, ಮೇಣ ಕಾಯಿಸುತ್ತ. ಒಂದು ಫೋನಿಗೆ ಖರ್ಚೇನೂ ಇರಲಿಲ್ಲ. ಕಡಿಮೆ ದುಡ್ಡಿನ ಕೆಲಸಕ್ಕೆ ಮನುಷ್ಯನ ಕೈಯೂ ಕಡಿಮೆ ಓಡುತ್ತದೆ, ಇದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ಕೆಲಸ ಕೆಡಿಸಿದ ಅನ್ನಬೇಡಿ. ಹಲ್ಲು ಒಂದಕ್ಕಿಂತ ಒಂದು ನೇರ, ಬಿಲ್ಲಿನಂತೆ ಬಾಗಿದ ಸಾಲು. ಬುಧವಾರ ಅಚ್ಚನ್ನು ಬಿಸಿನೀರಿನಲ್ಲಿ ಕುದಿಸಿ, ತಾನಾಗಿ ಆರಲು ಬಿಟ್ಟು, ಒಡೆದು, ಉಜ್ಜಿ, ಹೊಳಪು ಕೊಟ್ಟಾಗ ಪ್ರಮೀಳಾ ಸಹ, "ಚೆಂದ ಐತೆ," ಅಂದಳು. ಗುರುವಾರ ಬೆಳಗಿನ ಬಸ್ಸಿಗೆ ಆತನೇ ಹೊರಟ. ಪಾರ್ಸೆಲ್ ಹಾಕಿದರೆ ಎಲ್ಲಾದರೂ ನಿಂತುಬಿಟ್ಟೀತು, ಮಾತು ಕೊಟ್ಟಾಗಿದೆ.

ಕಲ್ಯಾಣದುರ್ಗದ ಕ್ಲಿನಿಕ್ಕಿನಲ್ಲಿ ಆದಿಲಕ್ಷ್ಮಮ್ಮ ಮಗ ಓಬುಳೇಶನ ಜೊತೆ ಬೆಳಗಿನಿಂದಲೇ ಕಾದು ಕೂತಿದ್ದಳು. ತೆಳ್ಳಗಿನ ಹೆಂಗಸು, ತುಟಿಗೆ ಸೆರಗು ಅಡ್ಡ ಹಿಡಿದಿದ್ದಳು. ತಿಪ್ಪೇಸ್ವಾಮಿ ಆಕೆಯನ್ನು ನೋಡುವ ಮುಂಚೆ ಆಕೆಯ ದವಡೆ ನೋಡಿದ. ಈ ದವಡೆ ನನಗೆ ಗೊತ್ತು ಅನ್ನಿಸಿತು.

ರೇವತಿ ಸೆಟ್ಟನ್ನು ಬಾಯಿಗಿಟ್ಟು, ಕಚ್ಚಿಸಿ ನೋಡಿ, ಒತ್ತುತ್ತಿದ್ದ ಕಡೆ ಒಂಚೂರು ಉಜ್ಜಿ, ಕನ್ನಡಿ ಕೊಟ್ಟಳು. ಕೆನ್ನೆ ತುಂಬಿತ್ತು. ತುಟಿ ಹೊರಗೆ ಬಂದಿತ್ತು. ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿದ್ದಳು. ಆಕೆ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು.

"ಒತ್ತುತ್ತಾ ಅಮ್ಮ?" ಅಂದಳು ರೇವತಿ.

"ಇಲ್ಲ ಕಣಮ್ಮ. ಚೆಂದಾಗೈತೆ. ಬಾರ್ಲಾ ಓಬುಳೇಶ, ಹೋಗಾನ." ಬಾಗಿಲವರೆಗೆ ಹೋದವಳು ತಿರುಗಿ, "ನೀನೂ ಬಾರಪ್ಪ, ಮಾಡ್ದೋನು ನೀನು. ಉಂಡ್ಕೊಂಡು ಹೋಗೀವಂತೆ. ದುಡ್ಡೂ ಮನ್ಯಾಗೇ ಐತೆ," ಅಂದಳು.

ಓಬುಳೇಶನ ಆಟೋದಲ್ಲಿ ಮುಕ್ಕಾಲು ಗಂಟೆ. ಗಂಡನ ವಿಷಯ ತಿಪ್ಪೇಸ್ವಾಮಿಗೆ ತಿಳಿದದ್ದು ಆ ದಾರಿಯಲ್ಲಿ. ಆಕೆ ಹೊಸ ಹಲ್ಲಿನಲ್ಲಿ ತಡವರಿಸುತ್ತ, ಒಂದೊಂದೇ ಮಾತು ಹೇಳುತ್ತ ಹೋದಂತೆ ಆತ ಆಕೆಯ ಬಾಯಿಯನ್ನೇ ನೋಡತೊಡಗಿದ. ಗುರುತು ಹಿಡಿಯಬೇಕಾದ ಹಲ್ಲು. ಫೋಟೊ ನೋಡದೆ ಮಾಡಿದ ಹಲ್ಲು.

ಪಡಸಾಲೆಯಲ್ಲಿ ಈರಲಿಂಗಪ್ಪ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಆದಿಲಕ್ಷ್ಮಮ್ಮ ಕೈಕಾಲು ತೊಳೆದು, ಗಂಜಿ ಬಟ್ಟಲು ತಂದು, ಹತ್ತಿರ ಕೂತು ನಕ್ಕಳು. "ನೋಡು, ಯಾರು ಬಂದವ್ರೆ."

ಮುದುಕ ದಿಟ್ಟಿಸಿ ನೋಡಿದ. ಮುಖದಲ್ಲಿ ಏನೋ ಒಂದು ಅಲುಗಾಡಿತು. ಆಕೆ ಚಮಚ ಎತ್ತಿದಳು. ಆತ ಮೆಲ್ಲಗೆ ಒಳ್ಳೆ ಕೈಯನ್ನು ಎತ್ತಿ, ಬೆರಳನ್ನು ಆಕೆಯ ಮೇಲಿನ ಸಾಲಿನ ಮುಂದಲ ಹಲ್ಲಿನ ಮೇಲಿಟ್ಟ. ತಡವಿದ. ಅಲ್ಲಿ ಏನನ್ನೋ ಹುಡುಕಿದ. ಬೆರಳು ನುಣ್ಣನೆಯ ಸಾಲಿನ ಮೇಲೆ ಆಚೆ ಈಚೆ ಹೋಗಿ ಕೆಳಗೆ ಬಿತ್ತು.

"ನಮ್ಮೋಳ್ದು ಸೊಟ್ಟಹಲ್ಲು," ಅಂದ. "ನೀನ್ಯಾರಮ್ಮ? ಅವ್ಳನ್ನ ಕರೀರಿ."

ಬಾಯಿ ಬಿಗಿಯಾಗಿ ಮುಚ್ಚಿಕೊಂಡ. ಚಮಚದ ಗಂಜಿ ಗಲ್ಲದ ಮೇಲೆ ಇಳಿಯಿತು. ಆಕೆ ಸೆರಗಿನಿಂದ ಒರೆಸಿದಳು.

ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೆಯ ಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತಂತೆ, ಚಿಕ್ಕಂದಿನಿಂದ. ಹೆಣ್ಣು ನೋಡಲು ಬಂದಾಗ ಅತ್ತೆ ಅದೇ ನೆಪ ಹೇಳಿ ಬೇಡ ಅಂದಿದ್ದಳಂತೆ. ಅದೇ ಹಲ್ಲು ಇರಲಿ, ಇವಳೇ ಇರಲಿ ಅಂದವನು ಈರಲಿಂಗಪ್ಪ. ಐವತ್ತು ವರ್ಷ ಅದನ್ನೇ ಹಿಡಿದು ರೇಗಿಸಿದವನೂ ಆತನೇ. ಇದನ್ನೆಲ್ಲ ಆಕೆ ಒಲೆಯ ಮುಂದೆ ತಿಪ್ಪೇಸ್ವಾಮಿಗೆ ಹೇಳಿದಳು.

"ಕನ್ನಡಿ ನೋಡ್ದಾಗ್ಲೇ ನಂಗೂ ಅನ್ನಿಸ್ತು ಕಣಪ್ಪ, ಇದು ನಾನಲ್ಲ ಅಂತ. ಇಷ್ಟು ಕಷ್ಟಪಟ್ಟು ತಂದೋನಿಗೆ ಏನಂತ ಹೇಳಾದು? ಚೆಂದ ಮಾಡಿದ್ದೆ, ತಪ್ಪೇನಿಲ್ಲ."

"ಇದು ಅರ್ಧ ಗಂಟೆ ಕೆಲ್ಸ ಕಣಮ್ಮ," ಅಂದ ತಿಪ್ಪೇಸ್ವಾಮಿ. "ಕೊಡಿ ಇಲ್ಲಿ. ಒಂದು ಹಲ್ಲು ಬಿಚ್ಚಿ ಕೂರಿಸ್ಬೇಕು ಅಷ್ಟೆ. ಹೆಂಗಿತ್ತು ತೋರ್ಸಿ."

ಆಕೆ ಎಡಗೈಯ ಎರಡು ಬೆರಳು ಜೋಡಿಸಿ, ಒಂದರ ಮೇಲೆ ಒಂದನ್ನು ಓರೆ ಮಾಡಿ ತೋರಿಸಿದಳು. ಓಬುಳೇಶ ಫೋನಿನಲ್ಲಿ ಒಂದು ಫೋಟೊ ಹುಡುಕಿದ. ಮೊಮ್ಮಗುವನ್ನು ಎತ್ತಿಕೊಂಡು ಅವ್ವ ಬಾಯಿತುಂಬ ನಗುತ್ತಿದ್ದದ್ದು. ಸೋಮವಾರವೂ ಆ ಫೋಟೊ ಆ ಫೋನಿನಲ್ಲೇ ಇತ್ತು.

ತಿಪ್ಪೇಸ್ವಾಮಿ ಓಬುಳೇಶನ ಜೊತೆ ಉಣ್ಣದೆಯೇ ಕಲ್ಯಾಣದುರ್ಗಕ್ಕೆ ವಾಪಸು ಹೋದ. ಸಂಜೆ ರೇವತಿಯ ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು, ಆಕೆಯದೇ ಡ್ರಿಲ್ಲಿನಿಂದ ಆ ಹಲ್ಲನ್ನು ಬಿಡಿಸಿ, ಓರೆಯಾಗಿ ಪಕ್ಕದ ಹಲ್ಲಿನ ಮೇಲೆ ಏರಿಸಿ, ಅಂಟಿಸುವ ಪುಡಿಯನ್ನು ದ್ರಾವಣದಲ್ಲಿ ಕಲಸಿ ಕೂರಿಸಿದ. ಹೊಳಪು ಕೊಟ್ಟು ಮುಗಿಸುವಷ್ಟರಲ್ಲಿ ರಾತ್ರಿಯಾಗಿತ್ತು. ರೇವತಿ ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಳು.

"ನಾನು ಹೇಳೋಕೆ ಬಂದಿದ್ದೆ, ನೀವು ಬಿಡಲಿಲ್ಲ," ಅಂದಳು. ಆಮೇಲೆ, "ಬಿಡಲಿಲ್ಲ ಅಂತ ನಾನೂ ಸುಮ್ಮನಾಗಬಾರದಿತ್ತು," ಅಂದಳು. ಅವಳ ಕಣ್ಣು ಕೆಂಪಾಗಿತ್ತು.

ಶುಕ್ರವಾರ ಬೆಳಿಗ್ಗೆ ತಿಪ್ಪೇಸ್ವಾಮಿ ಹಳ್ಳಿಗೆ ತಂದುಕೊಟ್ಟ ಆ ಹಲ್ಲನ್ನು ಆದಿಲಕ್ಷ್ಮಮ್ಮ ಹಾಕಿಕೊಂಡು ತಿರುಗಿದಾಗ ಓಬುಳೇಶ ಬಾಗಿಲ ಹತ್ತಿರವೇ ಕುಸಿದು ಕೂತು, "ಇದು ನೀನೇ ಕಣವ್ವ, ಈಗ ನೀನೇ," ಅಂತ ಅತ್ತುಬಿಟ್ಟ. ತಿಪ್ಪೇಸ್ವಾಮಿಗೂ ಗೊತ್ತಾಯಿತು. ಎದುರಿಗೆ ನಿಂತಿದ್ದದ್ದು ಒಂದು ಸೆಟ್ಟಲ್ಲ, ಒಬ್ಬ ಹೆಂಗಸು.

ಗುರುತು ಹಿಡಿಯಬೇಕಾದವನು ಮಾತ್ರ ಬೆಳಗಿನ ಜಾವದಿಂದ ಕಣ್ಣು ತೆರೆದಿರಲಿಲ್ಲ. ಉಸಿರು ಗೊರಗೊರ ಅನ್ನುತ್ತಿತ್ತು. ಆಕೆ ಪಕ್ಕದಲ್ಲಿ ಕೂತು, "ನಾನು ಬಂದೀವ್ನಿ ನೋಡು, ಸೊಟ್ಟಹಲ್ನೋಳು," ಅಂದಳು. ಅವನ ಬೆರಳನ್ನು ತಾನೇ ಎತ್ತಿ ಆ ಹಲ್ಲಿನ ಮೇಲಿಟ್ಟುಕೊಂಡಳು. ಬಿಟ್ಟರೆ ಬಿದ್ದುಹೋಗುತ್ತಿತ್ತು. ಅದಕ್ಕೇ ಹಿಡಿದುಕೊಂಡೇ ಕೂತಳು. ತಿಪ್ಪೇಸ್ವಾಮಿ ನೋಡಲಾರದೆ ಅಂಗಳಕ್ಕೆ ಬಂದ. ಶನಿವಾರ ಮಧ್ಯಾಹ್ನ ಈರಲಿಂಗಪ್ಪ ಕಣ್ಣು ತೆರೆಯದೆಯೇ ಹೋದ.

ಮೂರನೆಯ ದಿನ ಹಾಲುತುಪ್ಪ. ಯಾರೂ ಕರೆಯದಿದ್ದರೂ ತಿಪ್ಪೇಸ್ವಾಮಿ ಪ್ರಮೀಳಾಳನ್ನೂ ಕರೆದುಕೊಂಡು ಹಿಂದೂಪುರದಿಂದ ಬಂದ. ಮಣ್ಣು ಮಾಡಿದ ಗುದ್ದಿನ ಹತ್ತಿರ ಶಾಸ್ತ್ರ ಮುಗಿಸಿ ಎಲ್ಲರೂ ಮನೆಗೆ ಬಂದ ಮೇಲೆ ಆದಿಲಕ್ಷ್ಮಮ್ಮ ಆತನನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಕರೆದು, ಮಡಿಸಿದ ನೋಟುಗಳನ್ನು ಮುಂದೆ ಹಿಡಿದಳು.

"ಬ್ಯಾಡ ಕಣಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ, ಇದು ಮಾತ್ರ ಬ್ಯಾಡ."

"ಯಾಕಪ್ಪ? ಗುರುವಾರ ಅಂದಿದ್ದೆ, ಗುರುವಾರಕ್ಕೇ ತಂದೆ. ನಾನು ಕೊಡ್ತೀನಿ ಅಂದಿದ್ದೆ. ಅವ್ರು ಹೋದ್ರು ಅಂತ ನನ್ನ ಮಾತು ಹೋಯ್ತದಾ?"

ಆಗ ತಿಪ್ಪೇಸ್ವಾಮಿ ಎಲ್ಲಾ ಹೇಳಿದ. ಟ್ರಯಲ್ ಅಂತ ಒಂದು ಇರುತ್ತದೆ, ಹಲ್ಲು ಮೇಣದಲ್ಲಿರುವಾಗಲೇ ಬಾಯಿಗಿಟ್ಟು ಕನ್ನಡಿ ಕೊಡುತ್ತಾರೆ, ಬುಧವಾರವೇ ಅದು ಆಗಬೇಕಿತ್ತು, ಅದೂ ಸೇರಿ ತಾನು ಮೊದಲು ಹೇಳಿದ್ದು ಒಂದೂವರೆ ಸಾವಿರ, ಅದನ್ನು ಬಿಟ್ಟಿದ್ದಕ್ಕೆ ಏಳುನೂರು. ಬಿಡೋಣ ಅಂದವನು ತಾನೇ. ಹೇಳುತ್ತ ಹೇಳುತ್ತ ಐವತ್ತೆರಡು ವರ್ಷದ ಗಂಡಸು ಅತ್ತ.

ಬುಧವಾರ ಅನ್ನುವ ಮಾತಿಗೆ ಆಕೆ ಒಂದು ಸಲ ತಲೆ ಎತ್ತಿದಳು.

"ಬುಧವಾರ ಅವ್ರು ಚೆಂದಾಗಿ ಮಾತಾಡ್ತಿದ್ರು," ಅಂದಳು. "ಅವತ್ತು ನಾನು ಕನ್ನಡಿ ನೋಡಿದ್ರೆ, ಮೇಣದಾಗೈತೆ, ತಿದ್ದಬಹುದು ಅಂದಿದ್ರೆ, ಬಾಯಿಬಿಟ್ಟು ಹೇಳ್ತಿದ್ದೆ."

ಆಮೇಲೆ ಇನ್ನೂ ಮೆಲ್ಲಗೆ ಅಂದಳು. "ನನ್ನತ್ರ ಇತ್ತು ಕಣಪ್ಪ. ಒಂದೂವರೆ ಸಾವಿರ ಅವತ್ತು ನನ್ನ ಸೊಂಟದ ಚೀಲದಾಗೇ ಇತ್ತು. ನೀವಿಬ್ರೂ ಯಾರು ಬಿಡ್ಬೇಕು ಯಾರು ಹಾಕ್ಬೇಕು ಅಂತ ಮಾತಾಡ್ಕೊಂಡ್ರಿ. ನನ್ನನ್ಯಾರೂ ಕೇಳ್ನಿಲ್ಲ."

ಆಕೆ ಬೈದಿದ್ದರೆ ತಿಪ್ಪೇಸ್ವಾಮಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಏಳುನೂರು ರೂಪಾಯಿಯನ್ನು ಆತನ ಅಂಗಿಯ ಜೇಬಿಗೆ ತುರುಕಿ, ಅವತ್ತೂ ಉಣ್ಣದೆ ಹೋಗಿದ್ದೆ, ಇವತ್ತಾದರೂ ಹೆಂಡತಿ ಜೊತೆ ಕೂತು ಉಂಡು ಹೋಗು ಅಂತ ಹೇಳಿ, ಎಲೆ ಹಾಕಿಸಲು ಒಳಗೆ ಹೋದಳು.